ಎರಡು ಭಾಷೆಯಲ್ಲಿ ಅದೇ ನಾಲ್ಕು ವರ್ಷ

ಆ ಶನಿವಾರ ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಅವರೆಕಾಯಿ ಬಿಡಿಸಿ ನೀರಲ್ಲಿ ನೆನೆಹಾಕಿದೆ. ದೇವರ ಮನೆಯ ದೀಪದ ಕಂಬಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ನಮ್ಮನೆಯವರ ಬಿಪಿ ಮಾತ್ರೆ ಮುಗಿದಿತ್ತು, ತಂದಿಟ್ಟೆ. ತುಮಕೂರಿನ ಶಿರಾ ಗೇಟಿನಲ್ಲಿರುವ ನನ್ನ ಟೈಪಿಂಗ್ ಅಂಗಡಿಯ ಬಾಗಿಲು ತೆಗೆದು, ಪಿಯು ಹುಡುಗಿಯರ ಪ್ರಾಜೆಕ್ಟಿಗೆ ಸ್ಪೈರಲ್ ಹಾಕಿದೆ. ಒಬ್ಬರ ಪಹಣಿ, ಇನ್ನೊಬ್ಬರ ಆಧಾರ್ ಝೆರಾಕ್ಸ್ ಮಾಡಿದೆ. ಗೃಹಪ್ರವೇಶದ ಕರೆಯೋಲೆಯಲ್ಲಿ ಬಿಟ್ಟುಹೋಗಿದ್ದ ಸೋದರಮಾವನ ಹೆಸರು ಸೇರಿಸಿದೆ. ಮಧ್ಯಾಹ್ನ ಲೈನ್ ರಿಪೇರಿ ಅಂತ ಕರೆಂಟ್ ತೆಗೆದರು. ಆಮೇಲೆ, ಗುಬ್ಬಿಯ ಹೆಣ್ಣುಮಗಳ ಅರ್ಜಿಯನ್ನು ಎರಡನೇ ಸಲ ತೆಗೆದು ಕೂತೆ. ಆ ದಿನ ನೆನಪಿರುವುದು ಈ ಕಡೆಯ ಕೆಲಸದಿಂದ.

ಅವಳು ಮೊದಲು ಬಂದದ್ದು ಅದಕ್ಕೂ ಸುಮಾರು ಎರಡು ವಾರ ಮುಂಚೆ. ನಲವತ್ತರ ಆಸುಪಾಸು, ಎತ್ತರದ ಹೆಂಗಸು, ಮಾತು ಕಡಿಮೆ. ಜೊತೆಗೆ ಅವಳ ಮಾವ, ಅಂದರೆ ಗಂಡನ ಅಪ್ಪ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು. ಮಗ ಗೂಡ್ಸ್ ಆಟೋ ಓಡಿಸುತ್ತಾನಂತೆ, ಬಾಡಿಗೆಗೆ ಹೋಗಿದ್ದ. ಅದಕ್ಕೆ ಮುದುಕರೇ ಸೊಸೆಯ ಜೊತೆ ಬಸ್ಸು ಹತ್ತಿದ್ದರು. ಅಂಗಡಿಯ ಒಂದೇ ಕುರ್ಚಿಯನ್ನು ಸೊಸೆಗೆ ಬಿಟ್ಟು, ತಾವು ಪೇಪರ್ ಬಂಡಲ್ಲಿನ ಮೇಲೆ ಕೂತರು.

ಕೆಲಸ ಸಿಂಗಾಪುರದಲ್ಲಿ. ಅಲ್ಲಿ ಮಗಳ ಮನೆಯಲ್ಲಿರುವ ಒಬ್ಬ ಅಜ್ಜಿಯನ್ನು ನೋಡಿಕೊಳ್ಳಬೇಕು. ಅಜ್ಜಿ ಹುಟ್ಟಿ ಬೆಳೆದದ್ದು ಕುಣಿಗಲ್, ಮೇಷ್ಟ್ರಾಗಿದ್ದವರು, ಈಗ ಒಂದು ಕಡೆ ಕೈಕಾಲು ಸ್ವಾಧೀನವಿಲ್ಲ. ನಮ್ಮ ಗುಬ್ಬಿಯವಳು ಕುಣಿಗಲ್ಲಿನ ಒಂದು ಮನೆಯಲ್ಲಿ ಎರಡು ವರ್ಷ ಒಬ್ಬ ಯಜಮಾನರನ್ನು ನೋಡಿಕೊಂಡಿದ್ದಳು. ಅವರು ತೀರಿಕೊಂಡ ಮೇಲೆ ಆ ಮನೆಯವರೇ ಸಿಂಗಾಪುರದ ನೆಂಟರಿಗೆ ಇವಳ ವಿಷಯ ಹೇಳಿದ್ದರು. ಅಲ್ಲಿಂದ ಬಂದ ಉತ್ತರ ಹೀಗಿತ್ತು: ರೆಸ್ಯೂಮೆ ಮತ್ತು ಒಂದು ಪತ್ರ, ಇಂಗ್ಲಿಷಿನಲ್ಲೂ ಇರಲಿ, ಕನ್ನಡದಲ್ಲೂ ಇರಲಿ. ಇಂಗ್ಲಿಷು ಏಜೆನ್ಸಿಯವರಿಗೆ, ಮತ್ತು ಕನ್ನಡ ಬಾರದ ಅಳಿಯನಿಗೆ. ಕನ್ನಡದ್ದು ಅಜ್ಜಿಗೆ. ಯಾರು ಬರಬೇಕು ಅಂತ ತೀರ್ಮಾನಿಸುವವರು ಅಜ್ಜಿಯೇ.

ಅವಳು ಒಂದು ಹಾಳೆ ತಂದಿದ್ದಳು. ಓದಿ ನನಗೆ ನಗು ತಡೆಯಲಾಗಲಿಲ್ಲ. ಮೇಲೆ ಶ್ರೀಕಾರ, ಕೆಳಗೆ ರಾಶಿ, ನಕ್ಷತ್ರ, ಮೈಬಣ್ಣ ಗೋಧಿ, ಒಡಹುಟ್ಟಿದವರು ಇಷ್ಟು, ಅವರಲ್ಲಿ ಮದುವೆಯಾದವರು ಇಷ್ಟು. ಊರಿನ ಅಂಗಡಿಯವನು ಹೆಣ್ಣು ತೋರಿಸಲು ಕೊಡುವ ಬಯೋಡೇಟಾದ ಅಚ್ಚಿನಲ್ಲೇ ಇವಳ ಕೆಲಸದ ಅರ್ಜಿ ಹೊಡೆದುಕೊಟ್ಟಿದ್ದ. 'ಕೆಲಸ' ಅನ್ನುವ ಜಾಗದಲ್ಲಿ 'ಮನೆಗೆಲಸ ಬರುತ್ತದೆ' ಅಂತಿತ್ತು.

"ಏನಪ್ಪಾಜಿ, ಸಿಂಗಾಪುರದಲ್ಲಿ ಇನ್ನೊಂದು ಗಂಡು ನೋಡಿದೀರಾ ಇವಳಿಗೆ?" ಅಂದೆ.

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಾವ ಮಾತ್ರ ಗಂಭೀರವಾಗಿ, "ನಕ್ಸತ್ರ ಇದ್ರೆ ಏನ್ ನಷ್ಟ, ಇರ್ಲಿ ಬುಡವ್ವ. ಒಳ್ಳೆ ನಕ್ಸತ್ರವೇಯ ಅದು," ಅಂದರು.

ಇಬ್ಬರನ್ನೂ ಕೂರಿಸಿಕೊಂಡು ಮೊದಲಿಂದ ಕೇಳುತ್ತಾ ಹೋದೆ. ರೆಸ್ಯೂಮೆಯಲ್ಲಿ ಈಚಿನ ಕೆಲಸ ಮೊದಲು, ಹಳೆಯದು ಕೆಳಗೆ. ನಮ್ಮವರಿಗೆ ಇದು ಒಗ್ಗುವುದಿಲ್ಲ, ಒಂದನೇ ಕ್ಲಾಸಿನಿಂದ ಶುರು ಮಾಡುತ್ತಾರೆ. ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಬೇಕು, ಒಂದಕ್ಷರವೂ ಆಚೀಚೆ ಆಗಬಾರದು. ಹೊರದೇಶಕ್ಕೆ ಹೋಗುವುದರಲ್ಲಿ ಜಾತಿ, ಧರ್ಮ ನಾನಾಗಿ ಹಾಕುವುದಿಲ್ಲ, ಕೇಳಿದರೆ ನೋಡೋಣ. ಕೊನೆಯಲ್ಲಿ 'ಮೇಲೆ ತಿಳಿಸಿದ್ದೆಲ್ಲಾ ಸತ್ಯ ಎಂದು ಪ್ರಮಾಣೀಕರಿಸುತ್ತೇನೆ' ಅನ್ನುವ ಸಾಲನ್ನೂ ಬಿಟ್ಟೆ. ಅದಕ್ಕೂ ಮಾವನ ಆಕ್ಷೇಪ ಬಂತು: "ಪ್ರಮಾಣ ಇಲ್ದೆ ಯಾರವ್ವ ನಂಬ್ತಾರೆ?"

ಪತ್ರದಲ್ಲಿ ಎರಡು ಭಾಷೆಗೂ ಎರಡು ನಡೆ. ಇಂಗ್ಲಿಷಿನಲ್ಲಿ ನೇರ ವಿಷಯ: ಯಾವ ಕೆಲಸಕ್ಕೆ, ಏನು ಬರುತ್ತದೆ, ಎಲ್ಲಿ ಮಾಡಿದ್ದೆ, ಯಾವಾಗ ಬರಬಲ್ಲೆ, ಒಂದು ಪುಟ ದಾಟಬಾರದು. ಕನ್ನಡದಲ್ಲಿ ಒಬ್ಬ ಹಿರಿಯ ಮೇಷ್ಟ್ರಮ್ಮನಿಗೆ ಬರೆಯುವಾಗ ಹಾಗೆ ಬಾಗಿಲು ತಳ್ಳಿಕೊಂಡು ನುಗ್ಗಲಾಗುವುದಿಲ್ಲ. 'ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು' ಅಂತ ಶುರು ಮಾಡಿ, ಕುಣಿಗಲ್ಲಿನ ಮನೆಯವರ ಮೂಲಕ ತಿಳಿಯಿತು ಅಂತ ಹೇಳಿ, ಆಮೇಲೆ ವಿಷಯಕ್ಕೆ ಬಂದೆ. ಮಾತಿನ ಬೆಡಗು ಬೇರೆ ಇರಬಹುದು. ಇಸವಿ, ಊರು, ಕೆಲಸ ಮಾತ್ರ ಎರಡರಲ್ಲೂ ಒಂದೇ ಇರಬೇಕು. ನಾನು ಎಲ್ಲರಿಗೂ ಹೇಳುವ ಮಾತು ಇದು.

ಅವಳ ಕೆಲಸ ಹೀಗೆ: ಈಚೆಗೆ ಕುಣಿಗಲ್ಲಿನ ಮನೆ, ಎರಡು ವರ್ಷ. ಬಹಳ ಹಿಂದೆ ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ, ಆರು ವರ್ಷ. ನಡುವೆ ನಾಲ್ಕು ವರ್ಷ ಖಾಲಿ.

"ಆ ನಾಕು ವರ್ಷ ಏನು ಮಾಡ್ತಿದ್ದೆ?"

"ಏನಿಲ್ಲಕ್ಕ. ಮನೇಲೇ ಇದ್ದೆ."

"ಸುಮ್ನೆ ಇದ್ಯಾ?"

"ಅತ್ತೆಗೆ ಲಕ್ವಾ ಹೊಡೆದಿತ್ತಲ್ಲ. ಹಾಸಿಗೆ ಹಿಡಿದಿದ್ರು. ನೋಡ್ಕಂಡಿದ್ದೆ."

ನಾನು ಕೀಬೋರ್ಡಿನಿಂದ ಕೈ ತೆಗೆದೆ. ಎತ್ತಿ ಕೂರಿಸುವುದು, ಮಗ್ಗುಲು ಬದಲಾಯಿಸುವುದು, ಗಂಜಿ ಕುಡಿಸುವುದು, ಮೈ ಒರೆಸುವುದು, ಮೂತ್ರದ ಪೈಪಿನ ಚೀಲ ಬಸಿಯುವುದು, ಎಲ್ಲ ಇವಳೇ. ಸಿಂಗಾಪುರದ ಅಜ್ಜಿಗೆ ಬೇಕಾದದ್ದು ಇದೇ ಕೆಲಸ. ಇದನ್ನೇ ಇವಳು 'ಏನಿಲ್ಲ' ಅನ್ನುತ್ತಿದ್ದಾಳೆ. ಎರಡು ಭಾಷೆಯಲ್ಲೂ ಹೊಡೆದೆ: ಹಾಸಿಗೆ ಹಿಡಿದ ಅತ್ತೆಯ ಪೂರ್ಣ ಆರೈಕೆ, ನಾಲ್ಕು ವರ್ಷ, ಕುಟುಂಬದಲ್ಲಿ, ಸಂಬಳವಿಲ್ಲದೆ.

ಕನ್ನಡದ ಪ್ರತಿಯನ್ನು ಓದಿ ಹೇಳಿದಾಗ ಮಾವ ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು.

"ಅದನ್ನ ತಗೀರವ್ವ."

"ಯಾಕಪ್ಪಾಜಿ? ಅದೇ ಮುಖ್ಯ ಅಲ್ವಾ?"

"ಸೊಸೆ ಅತ್ತೆ ನೋಡ್ಕಂಡಿದ್ದು ಕೆಲಸ ಅಂತ ಬರೆದ್ರೆ, ಈ ಮಗೀನ ಆಳಾಗಿ ಮಡಿಕಂಡಿದ್ವಿ ಅಂದಂಗಾಯ್ತದೆ. ನಮ್ಮನೇಲಿ ಇವ್ಳು ಆಳಲ್ಲ."

ಅದು ಸೊಸೆಯ ಮೇಲಿನ ಮಮತೆಯ ಮಾತು ಅಂತ ನನಗೆ ಗೊತ್ತಾಯಿತು. ಸೊಸೆಯ ಕಡೆ ನೋಡಿದೆ. ಅವಳು ನೆಲ ನೋಡುತ್ತಾ, "ಮಾವ ಹೇಳ್ದಂಗೆ ಮಾಡಿಬುಡಕ್ಕ," ಅಂದಳು. ಕನ್ನಡದಲ್ಲಿ ಆ ಸಾಲು ತೆಗೆದು 'ಗೃಹಿಣಿ' ಅಂತ ಹಾಕಿದೆ. ಇಂಗ್ಲಿಷಿನದ್ದೂ ತೆಗೆಯಲಾ ಅಂತ ಕೇಳಿದೆ.

"ಅದು ನಂಗೆ ಓದಕ್ಕೆ ಬರಕಿಲ್ಲ, ಇದ್ರೆ ಇರ್ಲಿ," ಅಂದರು ಮುದುಕರು. "ಅದನ್ನ ಓದೋರು ನಮ್ಮೋರಲ್ಲ."

ಹೀಗೆ ಎರಡು ಪ್ರತಿ ಎರಡು ದಾರಿ ಹಿಡಿದವು. ಹೊರಡುವಾಗ ಮಾವ ಪ್ರಿಂಟ್ ಹಾಳೆಗಳ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು ಅಂತ ಜೇಬಿನಿಂದ ಪೊಟ್ಟಣ ತೆಗೆದರು. ಅದನ್ನು ಮನೆಯ ಪ್ರತಿಗೆ ಹಚ್ಚಿಸಿ, ನಾನು ಪಿಡಿಎಫ್ ಕಳಿಸಿದೆ. ಕನ್ನಡವನ್ನು ಯೂನಿಕೋಡಿನಲ್ಲೇ ಹೊಡೆದಿದ್ದೆ. ಹಳೇ ಫಾಂಟಿನದು ಬೇರೆಯವರ ಫೋನಿನಲ್ಲಿ ರಂಗೋಲಿ ಚುಕ್ಕಿಯಾಗಿ ಕಾಣುತ್ತದೆ.

ಹತ್ತು ದಿನ ಸದ್ದಿಲ್ಲ. ಶುಕ್ರವಾರ ಸಂಜೆ ಅವಳು ಫೋನು ಮಾಡಿದಳು. ಸಿಂಗಾಪುರದ ಮಗಳು ಮಾತಾಡಿದ್ದರಂತೆ. ಇಂಗ್ಲಿಷಿನಲ್ಲಿ ನಾಲ್ಕು ವರ್ಷ ರೋಗಿಯನ್ನು ನೋಡಿಕೊಂಡೆ ಅಂತಿದೆ, ಕನ್ನಡದಲ್ಲಿ ಮನೆಯಲ್ಲಿದ್ದೆ ಅಂತಿದೆ. ಯಾವುದು ನಿಜ? ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಮೇಷ್ಟ್ರಮ್ಮ ಪೇಪರ್ ತಿದ್ದುವ ಹಾಗೆ ತಿದ್ದಿದ್ದರು. ಕನ್ನಡದ್ದೇ ನಿಜ, ನಮ್ಮ ಕಡೆಯೋರು ಇಂಗ್ಲಿಷಲ್ಲಿ ಒಗ್ಗರಣೆ ಹಾಕ್ತಾರೆ, ಕುಣಿಗಲ್ಲಿನ ಯಜಮಾನರು ಎದ್ದು ಓಡಾಡ್ತಿದ್ದೋರು, ಹಾಸಿಗೆ ಹಿಡಿದೋರನ್ನ ನೋಡಿ ಅನುಭವ ಇಲ್ಲದೋಳು ಬೇಡ ಅಂದರಂತೆ. ಹಾಸನದ ಕಡೆಯ ಇನ್ನೊಬ್ಬಳ ಅರ್ಜಿಯೂ ಇತ್ತು. ಭಾನುವಾರ ಏಜೆನ್ಸಿಗೆ ಒಂದು ಹೆಸರು ಹೇಳಬೇಕಂತೆ.

"ಅಕ್ಕ, ನಾನು ಸುಳ್ಳುಗಾತಿ ಆಗೋದೆ ಅವರ ಕಣ್ಣಲ್ಲಿ," ಅಂದಳು. ಕೆಲಸ ಕೈತಪ್ಪುವುದಕ್ಕಿಂತ ಅದೇ ಅವಳನ್ನು ಸುಟ್ಟಿತ್ತು. ಆದರೂ ಆ ಕೆಲಸ ಅವಳಿಗೆ ಬೇಕಿತ್ತು. ಮಗಳು ನರ್ಸಿಂಗ್ ಓದುತ್ತೀನಿ ಅಂತ ಕೂತಿದ್ದಳು. ಇವಳಿಗೂ, ಒಂದು ಸಲ ತನ್ನ ಹೆಸರಿನ ಸಂಬಳದಲ್ಲಿ ಅವಳನ್ನು ಓದಿಸಬೇಕು ಅನ್ನುವ ಆಸೆ.

"ನಾಳೆ ಮಾವನ್ನ ಕರ್ಕೊಂಡು ಬಾ," ಅಂದೆ. "ಹಾಕಿ ಅಂತ ನಾನೇನೂ ಒತ್ತಾಯ ಮಾಡಲ್ಲ. ಅವರಿಗೆ ಈ ವಿಷಯ ಮಾತ್ರ ತಿಳೀಬೇಕು."

ಶನಿವಾರ ಬಂದರು. ಕರೆಂಟ್ ಇಲ್ಲದ್ದರಿಂದ ಬಾಗಿಲು ಎಳೆದು, ಲ್ಯಾಪ್‌ಟಾಪು ಚೀಲಕ್ಕೆ ಹಾಕಿ, ಇಬ್ಬರನ್ನೂ ಉಪ್ಪಾರಹಳ್ಳಿಯ ನಮ್ಮ ಮನೆಗೇ ಕರೆದುಕೊಂಡು ಹೋದೆ. ಮನೆಯಲ್ಲಿ ನಮ್ಮನೆಯವರು ದಿವಾನದ ಮೇಲೆ ಪೇಪರ್ ಓದುತ್ತಾ ಬಿದ್ದುಕೊಂಡಿದ್ದರು. ಎದ್ದು ಪಂಚೆ ಸರಿಮಾಡಿಕೊಂಡರು. ಟೀ ಕೊಟ್ಟೆ. ಮುದುಕರು ಸಾಸರಿಗೆ ಸುರಿದುಕೊಂಡು ಊದಿ ಊದಿ ಕುಡಿದು, ಲೋಟ ಕೆಳಗಿಟ್ಟರು.

"ಕನ್ನಡದ್ದು ಸುಳ್ಳು ಅಂದ್ರಾ, ಇಂಗ್ಲೀಸಿಂದು ಸುಳ್ಳು ಅಂದ್ರಾ?"

"ಇಂಗ್ಲಿಷಿಂದು ಸುಳ್ಳು ಅಂದ್ಕೊಂಡಿದಾರೆ, ಅಪ್ಪಾಜಿ. ಕನ್ನಡದ್ದು ನಂಬಿದಾರೆ."

"ಅಂದ್ರೆ ನಾನು ತೆಗೆಸಿದ್ದೇ ಈ ಮಗೀಗೆ ಮುಳ್ಳಾಯ್ತು."

ನಮ್ಮನೆಯವರು ಪೇಪರ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕೊನೆಗೆ ಅವರೇ ಕೇಳಿದರು: "ಯಜಮಾನ್ರೇ, ನಾಕು ವರ್ಷ ಮಲಗಿದ್ರು ಅಂತೀರಿ. ಹುಣ್ಣು ಗಿಣ್ಣು ಆಗಿತ್ತಾ? ನಮ್ಮ ದೊಡ್ಡಮ್ಮ ಆರು ತಿಂಗಳು ಮಲಗಿದ್ರು, ಬೆನ್ನೆಲ್ಲಾ ಹೋಗಿತ್ತು."

ಮಾವ ತಲೆ ಎತ್ತಿದರು. "ಒಂದು ಹುಣ್ಣು ಆಗ್ಲಿಲ್ಲ ಸ್ವಾಮಿ. ಮಗ್ಗುಲು ಹೊರಳಿಸೋಳು, ಪುಡಿ ಹಾಕೋಳು, ಸೀರೆ ಮಡಿಕೆ ಬೆನ್ನಿಗೆ ಒತ್ತದಂಗೆ ಎಳೆಯೋಳು. ಆಸ್ಪತ್ರೆ ನರ್ಸಮ್ಮ ಪೈಪು ಬದಲಾಯ್ಸಕ್ಕೆ ಬಂದಾಗೆಲ್ಲಾ ಬೆನ್ನು ನೋಡಿ, ಇದೇನಜ್ಜಾ ಮಗೀನ ಬೆನ್ನಿದ್ದಂಗೈತೆ ಅನ್ನೋರು. ತೀರಿಕೊಂಡ ದಿನ ಮೈ ತೊಳೆಯಕ್ಕೆ ಬಂದೋರೂ ಅದನ್ನೇ ಅಂದ್ರು." ಆಮೇಲೆ ನನ್ನ ಕಡೆ ತಿರುಗಿದರು. "ಬರ್ಕಳವ್ವ. ಇದನ್ನ ಕನ್ನಡದಲ್ಲಿ ಬರ್ಕ."

ನಾನು ಲ್ಯಾಪ್‌ಟಾಪು ತೆಗೆದೆ. ಅವರು ಹೇಳುತ್ತಾ ಹೋದರು. ಹೆಂಡತಿ ಚೇಳೂರಿನಿಂದ ಮದುವೆಯಾಗಿ ಬಂದದ್ದು, ಅವಳ ಕೈಯ ಹುಚ್ಚೆಳ್ಳು ಚಟ್ನಿಪುಡಿ, ಲಕ್ವಾ ಹೊಡೆದ ದಿನ ಒರಳಿನ ಹತ್ತಿರ ಬಿದ್ದದ್ದು. ನಾನು ಅದನ್ನೆಲ್ಲಾ ಕೇಳಿದೆ, ಹೊಡೆಯಲಿಲ್ಲ. ಬೇಕಾದದ್ದು ಬಂದಾಗ ಮಾತ್ರ ಬೆರಳು ಆಡಿಸಿದೆ.

"ಕಡೇ ವರ್ಷ ನನ್ನ ಹೆಸರು ಮರೆತೋಗಿತ್ತು ಅವ್ಳಿಗೆ. ಇವ್ಳನ್ನ ಮಾತ್ರ ಅವ್ವಾ ಅಂತ ಕೂಗೋಳು."

ನನ್ನ ಕೈ ಕೀಬೋರ್ಡಿನ ಮೇಲಿತ್ತು. ಅವರು ನೋಡಿಬಿಟ್ಟರು.

"ಅದು ಬರೀಬ್ಯಾಡ. ಅದು ನಮ್ದು."

"ಇಲ್ಲ, ಅಪ್ಪಾಜಿ," ಅಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಒಳಗೆ ಹೋಗಿ, ನಾನು ಬೆಳಿಗ್ಗೆ ಬಿಡಿಸಿದ್ದ ಅವರೆಕಾಳನ್ನು ಹಿಸುಕಲು ಕೂತಳು. ಯಾರೂ ಹೇಳಿರಲಿಲ್ಲ.

ಕೊನೆಗೆ ಎರಡು ಪ್ರತಿಯಲ್ಲೂ ಒಂದೇ ಸಾಲು ನಿಂತಿತು: ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅತ್ತೆಯವರನ್ನು ನಾಲ್ಕು ವರ್ಷ ಮನೆಯಲ್ಲೇ ಆರೈಕೆ ಮಾಡಿದ್ದೇನೆ, ಅಷ್ಟು ಕಾಲದಲ್ಲಿ ಅವರ ಮೈಮೇಲೆ ಒಂದು ಹುಣ್ಣೂ ಆಗಲಿಲ್ಲ. ಸಂಬಳದ ಕೆಲಸವಲ್ಲ, ಕುಟುಂಬದ ಆರೈಕೆ ಅಂತಲೂ ಬಿಡಿಸಿ ಬರೆದೆ, ಮಾವನಿಗೆ ಅದು ಸಮಾಧಾನ ತಂದಿತು. ಇದಕ್ಕೆ ಸಾಕ್ಷಿ ಯಾರು? ಮನೆಯವರ ಮಾತನ್ನು ಹೊರಗಿನವರು ಪೂರ್ತಿ ತೂಗುವುದಿಲ್ಲ. ಆ ನರ್ಸಮ್ಮನಿಗೇ ಫೋನು ಮಾಡಿಸಿ, ನಿಮ್ಮ ಹೆಸರು ನಂಬರು ಕೊಡಬಹುದಾ ಅಂತ ಕೇಳಿದೆವು. ಒಪ್ಪಿಗೆ ಇಲ್ಲದೆ ಯಾರ ನಂಬರನ್ನೂ ರೆಸ್ಯೂಮೆಗೆ ಹಾಕುವುದಿಲ್ಲ ನಾನು. ಅವರು, "ಕೊಡಿ ಕೊಡಿ, ಇಂಗ್ಲಿಷಲ್ಲಿ ಬೇಕಾದ್ರೂ ಹೇಳ್ತೀನಿ," ಅಂದರು. ಕನ್ನಡದ ಪತ್ರಕ್ಕೆ ಎರಡು ಸಾಲು ಸೇರಿಸಿದೆವು: ಮೊದಲ ಪ್ರತಿಯಲ್ಲಿ ಇದನ್ನು ಬಿಟ್ಟಿದ್ದು ಮನೆಯ ಹಿರಿಯರು ಬೇಡವೆಂದದ್ದಕ್ಕೆ, ಮನೆಯ ಸೇವೆಯನ್ನು ಕೆಲಸವೆಂದು ಬರೆಯುವುದು ಅವರಿಗೆ ಸರಿಕಾಣಲಿಲ್ಲ. ತಪ್ಪು ತಿಳಿಯಬೇಡಿ. ಅದನ್ನೇ ಇಂಗ್ಲಿಷಿನಲ್ಲೂ ಚಿಕ್ಕದಾಗಿ ಹೇಳಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಇಸವಿ, ಊರು, ಸಾಲು ಒಂದೊಂದಾಗಿ ಹೋಲಿಸಿ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಸಿಂಗಾಪುರದ ಮಗಳಿಂದ ಮೆಸೇಜು: ಅಮ್ಮ ನೋಡಬೇಕಂತೆ, ವಿಡಿಯೋ ಕಾಲ್ ಮಾಡಬಹುದಾ. ನಮಗೆ ಆಗ ಸಂಜೆ, ಅಲ್ಲಿ ಆಗಲೇ ರಾತ್ರಿಯೂಟದ ಹೊತ್ತು.

ಫೋನನ್ನು ಟೀವಿಯ ಪಕ್ಕದ ಡಬ್ಬಕ್ಕೆ ಒರಗಿಸಿ ಇಟ್ಟೆವು. ಬೆಳ್ಳಗಿನ ಜಡೆ, ದೊಡ್ಡ ಕನ್ನಡಕದ ಮುಖ ಕಾಣಿಸಿತು. ನಮಸ್ಕಾರ ಮುಗಿಯುವ ಮುಂಚೆಯೇ, "ಬರೆದಿದ್ದು ಓದಿದೆ ಕಣಮ್ಮ. ಬರೆಯೋದು ಯಾರು ಬೇಕಾದ್ರೂ ಬರೀತಾರೆ," ಅಂದರು ಅಜ್ಜಿ. "ನನ್ನನ್ನ ಮಗ್ಗುಲು ಹೆಂಗೆ ತಿರುಗಿಸ್ತೀಯ, ತೋರ್ಸು."

ಅವಳು ಸುತ್ತ ನೋಡಿದಳು. ಮಾವನನ್ನು ಮಲಗಿಸಲು ಅವಳಿಗೆ ಮನಸ್ಸಿಲ್ಲ. ನಾನು ನಮ್ಮನೆಯವರ ಕಡೆ ನೋಡಿದೆ.

"ನಾನಾ? ನನಗೆ ಬಿಪಿ ಇದೆ," ಅಂದರು.

"ಬೆಳಗ್ಗಿಂದ ಮಲಗೇ ಇದ್ರಲ್ಲ, ಅದನ್ನೇ ಮುಂದುವರಿಸಿ," ಅಂದೆ.

ಅವರು ದಿವಾನದ ಮೇಲೆ ಮಲಗಿ ಸೂರು ನೋಡಿದರು. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿರ ಹೋಗಿ, ಮೊದಲು ಮುಖದ ಹತ್ತಿರ ಬಾಗಿ, "ಅಣ್ಣಾ, ಈಗ ಎಡಕ್ಕೆ ತಿರುಗಿಸ್ತೀನಿ, ಗಾಬ್ರಿ ಆಗ್ಬೇಡಿ," ಅಂತ ಹೇಳಿದಳು. ಆಮೇಲೆ ಆಚೆ ಕಡೆಯ ಮಂಡಿ ಮಡಚಿ, ಹೆಗಲಿಗೊಂದು ಸೊಂಟಕ್ಕೊಂದು ಕೈ ಕೊಟ್ಟು, ತನ್ನ ಕಡೆಗೆ ಹೊರಳಿಸಿದಳು. ಎಳೆದ ಹಾಗೇ ಕಾಣಲಿಲ್ಲ. ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಒಂದು. ಒತ್ತಿಕೊಂಡಿದ್ದ ಕಿವಿಯನ್ನು ಬೆರಳಿನಿಂದ ಬಿಡಿಸಿದಳು. ಅಂಗಿಯ ಮಡಿಕೆ ಎಳೆದು ಸರಿಮಾಡಿದಳು.

ಆಮೇಲೆ ಅಜ್ಜಿ, "ಮುಂಚೇನೇ ಹೇಳಿ ತಿರುಗಿಸಿದ್ಲು, ನೋಡಿದ್ಯಾ," ಅಂತ ಪಕ್ಕದ ಮಗಳಿಗೆ ಅಂದರು. "ಇಲ್ಲಿ ಬರೋಳು ಹೇಳೋದೇ ಇಲ್ಲ, ಮೂಟೆ ಥರ ಉರುಳಿಸ್ತಾಳೆ." ಆಮೇಲೆ ಗಟ್ಟಿಯಾಗಿ, "ಅಲ್ಲಿ ಟವೆಲ್ ಹಾಕ್ಕೊಂಡಿರೋರು ಯಾರು? ಅದನ್ನ ತೆಗೆಸಿದ ಹಿರಿಯರಾ?"

ಮಾವ ಎದ್ದು ನಿಂತರು. "ನಾನೇ ತಾಯಿ. ತೆಗೆಸಿದ್ದು ನಾನು, ಹಾಕ್ಸಿದ್ದೂ ನಾನು."

"ಮನೆ ಸೊಸೇನ ಕಳಿಸ್ತಿದೀರಿ. ನಾಳೆ ಬೇಜಾರಾಗಲ್ವಾ?"

"ಆಯ್ತದೆ," ಅಂದರು ಮುದುಕರು. "ಆದ್ರೂ ಕಳಿಸ್ತೀನಿ. ಆಳು ಅಂತ ಕಳಿಸ್ತಿಲ್ಲ ತಾಯಿ, ಕೆಲಸ ಬಲ್ಲೋಳು ಅಂತ ಕಳಿಸ್ತಿದೀನಿ."

"ಆಳು ಅಂತ ನಾನೂ ಕರೆಸ್ಕೊಳ್ತಿಲ್ಲ," ಅಂದರು ಅಜ್ಜಿ. "ಬರ್ಲಿ. ಬರ್ತಾ ಸ್ವಲ್ಪ ಹುಚ್ಚೆಳ್ಳು ಚಟ್ನಿಪುಡಿ ತರ್ಲಿ."

ಮಾವ ಸೊಸೆಯ ಕಡೆ ನೋಡಿ ಹಾಗೇ ನಿಂತರು. ಚಟ್ನಿಪುಡಿಯ ವಿಷಯ ನಾನು ಪತ್ರದಲ್ಲಿ ಹಾಕಿರಲಿಲ್ಲ. ನಮ್ಮ ಕಡೆಯವರೆಲ್ಲ ಕೇಳುವುದೇ ಅದು, ಅಷ್ಟೇ.

ಮಗಳು ಫೋನು ತೆಗೆದುಕೊಂಡು, ನಾಳೆ ಏಜೆನ್ಸಿಗೆ ಇದೇ ಹೆಸರು ಹೇಳುತ್ತೇವೆ, ಮೆಡಿಕಲ್ ಮತ್ತು ಪರ್ಮಿಟ್ ಆಗಬೇಕು, ಅದಕ್ಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬೇಕು ಅಂದರು. ದಿವಾನದ ಮೇಲಿಂದ ನಮ್ಮನೆಯವರು, "ನಾನಿನ್ನು ಏಳಬಹುದಾ?" ಅಂತ ಕೇಳಿದರು. ಅಲ್ಲೂ ಇಲ್ಲೂ ನಕ್ಕರು.

ಗುಬ್ಬಿಗೆ ಬಸ್ಸುಗಳಿದ್ದವು, ನಾನೇ ಬಿಡಲಿಲ್ಲ. ಹಿತಕಿದ ಅವರೆಕಾಳಿನ ಸಾರಿಗೆ ಅವಳೇ ಒಗ್ಗರಣೆ ಹಾಕಿದಳು, ಮುದ್ದೆ ನಾನು ತೊಳಸಿದೆ. ಮಾವ ಎರಡನೇ ಮುದ್ದೆಯನ್ನು ಬೇಡ ಬೇಡ ಅನ್ನುತ್ತಲೇ ಹಾಕಿಸಿಕೊಂಡರು. ಊಟವಾದ ಮೇಲೆ ಮಾವ, ನಮ್ಮನೆಯವರು ಪಕ್ಕದ ಬೀದಿಯ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದ ಹೊಸ ಪ್ರತಿಗಳ ಮೂಲೆಗೆ ಅರಿಶಿನ ಹಚ್ಚಿದರು, ಈ ಸಲ ಇಂಗ್ಲಿಷಿನದಕ್ಕೂ. ಆಮೇಲೆ ನಡುಮನೆಯಲ್ಲಿ ಚಾಪೆ ಹಾಸಿದೆವು. ಮೊದಲು ನಿದ್ದೆ ಹೋದವರು ಮಾವ, ಗೋಡೆ ಕಡೆ ಮುಖ ಮಾಡಿಕೊಂಡು. ಅವಳು ಅವರ ತಲೆದಿಂಬಿನ ಹತ್ತಿರ ನೀರಿನ ಚೊಂಬಿಟ್ಟು, ಗೊರಕೆ ಕೇಳಿದ ಮೇಲೆ, ನನ್ನ ಪಕ್ಕ ಬಂದು ಮಲಗಿದಳು.